ಬ್ರಾಕೆಟ್ ಒಳಮೂಲೆಯಲ್ಲೇ ಮುರಿಯುವುದೇಕೆ?

ತ್ರೀಡಿ ಪ್ರಿಂಟರಿನಲ್ಲಿ ಮಾಡಿ, ಗೋಡೆಗೆ ಹೊಡೆದು, ಭಾರ ತೂಗುಹಾಕಿ, ಕೊನೆಗೆ ಮುರಿದುಹೋದ ಬ್ರಾಕೆಟ್ಟುಗಳನ್ನು ಒಂದೆಡೆ ಸುರಿದು ನೋಡಿದರೆ ಒಂದು ಸಂಗತಿ ತಕ್ಷಣ ಕಣ್ಣಿಗೆ ಬೀಳುತ್ತದೆ. ತೋಳು ನಡುವೆ ಮುರಿದದ್ದು ಅಪರೂಪ. ಗೋಡೆಗೆ ಅಂಟಿಕೊಳ್ಳುವ ಪಟ್ಟಿ ನಡುವೆ ಮುರಿದದ್ದೂ ಅಪರೂಪ. ಹೆಚ್ಚಿನವು ಮುರಿದಿರುವುದು ಎರಡೂ ಸೇರುವ ಒಳಮೂಲೆಯಲ್ಲಿ, ಗರಗಸದಲ್ಲಿ ಕೊಯ್ದ ಹಾಗೆ ನೇರವಾಗಿ.

ಮುರಿದಾಗ ನಮ್ಮ ಮೊದಲ ಯೋಚನೆ ಸಾಮಾನ್ಯವಾಗಿ ದಪ್ಪದ ಕಡೆಗೆ ಹೋಗುತ್ತದೆ. ಐದು ಮಿಲಿಮೀಟರ್ ಇದ್ದದ್ದನ್ನು ಎಂಟು ಮಾಡುತ್ತೇವೆ. ಒಳಗಿನ ಜಾಲರಿ ತುಂಬುವಿಕೆಯನ್ನು, ಅಂದರೆ ಇನ್‌ಫಿಲ್ಲನ್ನು, ಶೇ. 20ರಿಂದ 80ಕ್ಕೆ ಏರಿಸುತ್ತೇವೆ. ಪ್ಲಾಸ್ಟಿಕ್ಕೂ ಹೊತ್ತೂ ಎರಡರಷ್ಟು ಖರ್ಚಾಗುತ್ತದೆ. ಬ್ರಾಕೆಟ್ ಸ್ವಲ್ಪ ಹೆಚ್ಚು ದಿನ ಬಾಳಿ, ಮತ್ತೆ ಅದೇ ಮೂಲೆಯಲ್ಲಿ ಮುರಿಯುತ್ತದೆ. ತಪ್ಪಿರುವುದು ಆಕಾರದಲ್ಲಿ. ಅದನ್ನು ಸರಿಪಡಿಸಲು ಬೇಕಾದದ್ದು ಎರಡೇ: ಮೂಲೆಯನ್ನು ದುಂಡಾಗಿಸುವ ಫಿಲೆಟ್, ಮತ್ತು ಎರಡು ಪಟ್ಟಿಗಳನ್ನು ಓರೆಯಾಗಿ ಹಿಡಿದಿಡುವ ರಿಬ್. ಇವೆರಡಕ್ಕೂ ಸೇರಿ ತಗಲುವ ಪ್ಲಾಸ್ಟಿಕ್ ಕೆಲವೇ ಗ್ರಾಂ. ಆದರೆ ಎಲ್ಲಿ, ಎಷ್ಟು, ಯಾವ ದಿಕ್ಕಿಗೆ ಎಂಬುದು ತಿಳಿದಿರಬೇಕು.

ಒಂದು ಬ್ರಾಕೆಟ್ಟನ್ನೇ ಹಿಡಿದು ನೋಡೋಣ. ಗೋಡೆಗೆ ಕೂರುವ ನಿಂತ ಪಟ್ಟಿ 80 ಮಿ.ಮೀ. ಎತ್ತರ. ಅದರ ಬುಡದಿಂದ ಮುಂದಕ್ಕೆ ಚಾಚಿದ ತೋಳು 60 ಮಿ.ಮೀ. ಉದ್ದ. ಎರಡರ ಅಗಲವೂ 30 ಮಿ.ಮೀ., ದಪ್ಪ 5 ಮಿ.ಮೀ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರ. ತೋಳಿನ ತುದಿಗೆ ನಾಲ್ಕು ಕಿಲೋ ತೂಕದ ಚೀಲ ನೇತುಹಾಕುತ್ತೇವೆ. ನಾಲ್ಕು ಕಿಲೋ ಅಂದರೆ ಸುಮಾರು 40 ನ್ಯೂಟನ್ ಬಲ. ಅದು ಬುಡದಿಂದ 60 ಮಿ.ಮೀ. ದೂರದಲ್ಲಿ ಎಳೆಯುವುದರಿಂದ ಬುಡವನ್ನು ಬಗ್ಗಿಸುವ ಶಕ್ತಿ 40 ಗುಣಿಸು 60, ಅಂದರೆ 2400 ನ್ಯೂಟನ್-ಮಿಲಿಮೀಟರ್. ತೋಳು ಕೆಳಕ್ಕೆ ಬಾಗುವಾಗ ಅದರ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. ಮೇಲ್ಮೈ ಮೇಲೆ ಬೀಳುವ ಸೆಳೆತ ಎಷ್ಟು ಎಂದು ಪಾಲಿಟೆಕ್ನಿಕ್ ಪಠ್ಯದ ಸೂತ್ರ ಹಾಕಿ ನೋಡಿದರೆ ಚದರ ಮಿಲಿಮೀಟರಿಗೆ ಸುಮಾರು 19 ನ್ಯೂಟನ್ ಬರುತ್ತದೆ.

ಮನೆಯ ಪ್ರಿಂಟರುಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್, ಎಳೆಗಳ ಉದ್ದಕ್ಕೆ ಎಳೆದರೆ ಸುಮಾರು 50 ನ್ಯೂಟನ್ ತಡೆಯುತ್ತದೆ. 19 ಎಲ್ಲಿ, 50 ಎಲ್ಲಿ? ಲೆಕ್ಕದ ಪ್ರಕಾರ ಬ್ರಾಕೆಟ್ ಆರಾಮವಾಗಿ ನಿಲ್ಲಬೇಕು. ಆದರೂ ಮುರಿಯುತ್ತದೆ. ಯಾಕೆಂದರೆ ಆ 19 ಎಂಬುದು ಮೂಲೆಯೇ ಇಲ್ಲದ ನೇರ ಪಟ್ಟಿಯ ಲೆಕ್ಕ.

ಶಾಂಪೂ ಪೊಟ್ಟಣವನ್ನು ನೆನಪು ಮಾಡಿಕೊಳ್ಳಿ. ಅಂಚಿನ ನಡುವೆ ಹಿಡಿದು ಎಷ್ಟು ಎಳೆದರೂ ಅದು ಹರಿಯುವುದಿಲ್ಲ. ಅಂಚಿನಲ್ಲಿ ಕೊಟ್ಟಿರುವ ಪುಟ್ಟ ಕಚ್ಚಿನ ಹತ್ತಿರ ಹಿಡಿದು ಎಳೆದರೆ ಸರಕ್ಕನೆ ಹರಿಯುತ್ತದೆ. ಹಾಳೆ ಅದೇ, ಕೈಯ ಬಲವೂ ಅದೇ. ಕಚ್ಚಿನ ಚೂಪಾದ ತುದಿಯಲ್ಲಿ ಸೆಳೆತವೆಲ್ಲ ಒಟ್ಟುಗೂಡುತ್ತದೆ, ಅಷ್ಟೇ. ನಮ್ಮ ಬ್ರಾಕೆಟ್ಟಿನ ಒಳಮೂಲೆಯೂ ಇಂಥದೇ ಒಂದು ಕಚ್ಚು. ಹರಿಯಲೆಂದು ಯಾರೂ ಕೊಟ್ಟದ್ದಲ್ಲ, ಗೊತ್ತಿಲ್ಲದೆ ಬಂದದ್ದು.

ಇದನ್ನು ಗಣಿತದಲ್ಲಿ ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಎಂಜಿನಿಯರ್ ಸಿ. ಇ. ಇಂಗ್ಲಿಸ್. ಬಿರುಕು ಮತ್ತು ಚೂಪು ಮೂಲೆಗಳಿರುವ ಲೋಹದ ಹಾಳೆಯಲ್ಲಿ ಸೆಳೆತ ಹೇಗೆ ಹಂಚಿಕೆಯಾಗುತ್ತದೆ ಎಂಬ ಬಗ್ಗೆ ಅವರು 1913ರಲ್ಲಿ ಹಡಗು ನಿರ್ಮಾಣದ ಎಂಜಿನಿಯರುಗಳ ಮುಂದೆ ಪ್ರಬಂಧ ಓದಿದರು. ತಿರುವು ಕಿರಿದಾದಷ್ಟೂ ಸೆಳೆತ ಏರುತ್ತದೆ, ತಿರುವಿನ ತ್ರಿಜ್ಯ ಸೊನ್ನೆಯಾದರೆ ಲೆಕ್ಕದಲ್ಲಿ ಅದಕ್ಕೆ ಮಿತಿಯೇ ಇರುವುದಿಲ್ಲ ಎಂಬುದು ಅದರ ತಿರುಳು. (ಕಂಪ್ಯೂಟರಿನಲ್ಲಿ ಬಲದ ವಿಶ್ಲೇಷಣೆ ಮಾಡುವವರಿಗೆ ಇದು ಗೊತ್ತಿರುತ್ತದೆ: ಚೂಪು ಮೂಲೆಯಲ್ಲಿ ಜಾಲರಿಯನ್ನು ಸಣ್ಣದು ಮಾಡಿದಷ್ಟೂ ಸಂಖ್ಯೆ ಏರುತ್ತಲೇ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಆ ಸಂಖ್ಯೆಯನ್ನು ನಂಬಿ ಏನನ್ನೂ ನಿರ್ಧರಿಸಬಾರದು.) ಮುಂದೆ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಆರ್. ಇ. ಪೀಟರ್ಸನ್, ಯಾವ ಆಕಾರದ ಮೂಲೆಯಲ್ಲಿ ಸೆಳೆತ ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ನಕ್ಷೆಗಳಾಗಿ ಒಟ್ಟುಮಾಡಿ 1953ರಲ್ಲಿ ಪುಸ್ತಕವಾಗಿ ತಂದರು. ಯಂತ್ರಭಾಗಗಳನ್ನು ವಿನ್ಯಾಸ ಮಾಡುವವರು ಇಂದಿಗೂ ಅದೇ ನಕ್ಷೆಗಳನ್ನು ತಿರುವಿ ಹಾಕುತ್ತಾರೆ.

ಆ ನಕ್ಷೆಗಳನ್ನು ನಮ್ಮ ಬ್ರಾಕೆಟ್ಟಿಗೆ ಹಚ್ಚಿದರೆ ಚಿತ್ರ ತಿಳಿಯಾಗುತ್ತದೆ. ಕಂಪ್ಯೂಟರಿನಲ್ಲಿ ನಾವು ಬರೆದ ಮೂಲೆ ಪೂರ್ತಿ ಚೂಪು. ಮುದ್ರಣವಾಗುವಾಗ ಪ್ಲಾಸ್ಟಿಕ್ ಸ್ವಲ್ಪ ಹರಡಿ ಕಾಲು ಮಿಲಿಮೀಟರಿನಷ್ಟು ದುಂಡು ಸಿಗುತ್ತದೆ ಎಂದೇ ಇಟ್ಟುಕೊಳ್ಳಿ. ಆಗ ಮೂಲೆಯ ಸೆಳೆತ ಸುಮಾರು ಎರಡೂವರೆ ಪಟ್ಟು. 19 ಇದ್ದದ್ದು 48 ಆಯಿತು. ಪ್ಲಾಸ್ಟಿಕ್ ತಡೆಯುವ ಮಿತಿಗೆ ಬಂದು ಮುಟ್ಟಿತು. ಅದೇ ಮೂಲೆಗೆ ಒಂದು ಮಿ.ಮೀ. ತ್ರಿಜ್ಯದ ಫಿಲೆಟ್ ಕೊಟ್ಟರೆ ಏರಿಕೆ ಸುಮಾರು ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಎರಡೂವರೆ ಮಿ.ಮೀ. ಕೊಟ್ಟರೆ 1.15ರ ಆಸುಪಾಸು; ಅಂದರೆ 22 ನ್ಯೂಟನ್. ಅರ್ಧಕ್ಕಿಂತ ಕಡಿಮೆಯಾಯಿತು. ಇಷ್ಟಕ್ಕೆ ತಗಲಿದ ಪ್ಲಾಸ್ಟಿಕ್ ಕಾಸಿನಷ್ಟೂ ಇಲ್ಲ.

ಈ ಸಂಖ್ಯೆಗಳಲ್ಲೇ ಇನ್ನೊಂದು ಪಾಠವಿದೆ. ಲಾಭದ ಹೆಚ್ಚಿನ ಪಾಲು ಮೊದಲ ಎರಡೂವರೆ ಮಿಲಿಮೀಟರಿನಲ್ಲೇ ಸಿಕ್ಕಿಬಿಟ್ಟಿತು. ಫಿಲೆಟ್ಟನ್ನು ಹತ್ತಕ್ಕೆ ಏರಿಸಿದರೆ ಮೂಲೆಯಲ್ಲಿ ಸೆಳೆತ ಒಟ್ಟುಗೂಡುವುದು ಅಷ್ಟೇನೂ ತಗ್ಗುವುದಿಲ್ಲ. ಬುಡ ದಪ್ಪವಾಗುವ ಲಾಭ ಮಾತ್ರ ಉಳಿಯುತ್ತದೆ. ಹಾಗಾಗಿ ಒಳಮೂಲೆಯ ತ್ರಿಜ್ಯ ಪಟ್ಟಿಯ ದಪ್ಪದ ಅರ್ಧಕ್ಕಿಂತ ಕಡಿಮೆ ಇರದಂತೆ ನೋಡಿಕೊಂಡರೆ ಸಾಕು. ಜಾಗವಿದ್ದರೆ ದಪ್ಪದಷ್ಟೇ ಇರಲಿ. ಐದು ಮಿ.ಮೀ. ಪಟ್ಟಿಗೆ ನಾನು ಕೇಳಿದರೆ ಹೇಳುವುದು ಮೂರರಿಂದ ಐದು.

ಫಿಲೆಟ್ ಹಾಕುವ ಮುನ್ನ ಯಾವ ಮೂಲೆ ತೆರೆದುಕೊಳ್ಳುತ್ತದೆ, ಯಾವುದು ಮುಚ್ಚಿಕೊಳ್ಳುತ್ತದೆ ಎಂದು ನೋಡಬೇಕು. ನಮ್ಮ ಬ್ರಾಕೆಟ್ಟಿನಲ್ಲಿ ಪಟ್ಟಿ ತೋಳಿನ ಮೇಲಕ್ಕೆ ಎದ್ದಿದೆ, ಭಾರ ಕೆಳಕ್ಕೆ ಎಳೆಯುತ್ತದೆ. ತೋಳು ಬಾಗಿದಂತೆಲ್ಲ ಎಲ್ ಆಕಾರದ ಬಾಯಿ ಅಗಲವಾಗುತ್ತದೆ. ಇದು ತೆರೆಯುವ ಮೂಲೆ. ಬಿರುಕಿಗೆ ಬೇಕಾದ ಸೆಳೆತ ಇರುವುದು ಇಲ್ಲಿ. ಅದೇ ಬ್ರಾಕೆಟ್ಟನ್ನು ತಲೆಕೆಳಗು ಮಾಡಿ, ತೋಳು ಮೇಲೆ, ಪಟ್ಟಿ ಕೆಳಗೆ ಬರುವಂತೆ ಹೊಡೆದರೆ ಭಾರ ಆ ಬಾಯನ್ನು ಮುಚ್ಚಲು ನೋಡುತ್ತದೆ. ಆಗ ಒಳಮೂಲೆಯಲ್ಲಿರುವುದು ಒತ್ತಡ, ಸೆಳೆತವಲ್ಲ. ಬಿರುಕು ಒತ್ತಡದಲ್ಲಿ ಬಾಯಿ ಬಿಡುವುದಿಲ್ಲ. ಕಪಾಟಿನ ಹಲಗೆ ಹೊರುವ ಬ್ರಾಕೆಟ್ಟುಗಳಲ್ಲಿ ಪಟ್ಟಿ ಹಲಗೆಯ ಕೆಳಗೆ ಇರುವುದಕ್ಕೆ ಜಾಗದ ಅನುಕೂಲದ ಜೊತೆಗೆ ಈ ಲಾಭವೂ ಇದೆ. ನಿಮ್ಮ ಕೆಲಸಕ್ಕೆ ಎರಡೂ ನಡೆಯುವುದಾದರೆ ಮುಚ್ಚುವ ಮೂಲೆಯನ್ನೇ ಆರಿಸಿಕೊಳ್ಳಿ. ಹಾಗಾಗದೆ ಇದ್ದಲ್ಲಿ, ಉದಾಹರಣೆಗೆ ಚೀಲ ಜಾರದಂತೆ ತುದಿ ಮೇಲಕ್ಕೆ ತಿರುಗಿದ ಕೊಕ್ಕೆಯಲ್ಲಿ, ಫಿಲೆಟ್ ಇಲ್ಲದೆ ವಿಧಿಯಿಲ್ಲ.

ಹಾಕುವುದು ಕಷ್ಟದ ಕೆಲಸವಲ್ಲ. ಫ್ರೀಕ್ಯಾಡ್ ಥರದ ತಂತ್ರಾಂಶದಲ್ಲಿ ಒಳಮೂಲೆಯ ಅಂಚನ್ನು ಆರಿಸಿ, ಫಿಲೆಟ್ ಒತ್ತಿ, ತ್ರಿಜ್ಯ ಕೊಟ್ಟರೆ ಮುಗಿಯಿತು. ಉಳಿದ ಆಕಾರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಹಾಕುವುದು ಒಳ್ಳೆಯದು. ಮೊದಲೇ ಹಾಕಿ ಆಮೇಲೆ ಅಳತೆ ಬದಲಿಸಿದರೆ ಫಿಲೆಟ್ ಕಳಚಿಕೊಳ್ಳುವುದುಂಟು. ಬರಹದಲ್ಲೇ ಆಕಾರ ಕಟ್ಟುವ ಓಪನ್‌ಸ್ಕ್ಯಾಡ್‌ನಲ್ಲಿ ಫಿಲೆಟ್ ಎಂಬ ಆಜ್ಞೆಯೇ ಇಲ್ಲ. ಅಲ್ಲಿ ಒಂದು ಉಪಾಯ ಮಾಡುತ್ತಾರೆ. ಆಕಾರವನ್ನು ಮೊದಲು ಮೂರು ಮಿ.ಮೀ. ಹಿಗ್ಗಿಸಿ, ಆಮೇಲೆ ಮೂರು ಮಿ.ಮೀ. ದುಂಡಾಗಿ ಕುಗ್ಗಿಸಿದರೆ ಹೊರಮೂಲೆಗಳು ಇದ್ದ ಹಾಗೇ ಇದ್ದು ಒಳಮೂಲೆ ಮಾತ್ರ ದುಂಡಾಗುತ್ತದೆ:

```
$fn = 64;
linear_extrude(30)
  offset(r = -3) offset(delta = 3)
    union() {
      square([65, 5]);
      square([5, 80]);
    }
```

ನಮ್ಮ ಬ್ರಾಕೆಟ್ ಪೂರ್ತಿ ಇಷ್ಟೇ, ಸ್ಕ್ರೂ ತೂತುಗಳನ್ನು ಬಿಟ್ಟು.

ಇಲ್ಲಿಯವರೆಗೆ ಹೇಳಿದ್ದು ಕಬ್ಬಿಣಕ್ಕೂ ಹೊಂದುತ್ತದೆ, ಮರಕ್ಕೂ ಹೊಂದುತ್ತದೆ. ಮುದ್ರಿಸಿದ ಬ್ರಾಕೆಟ್ಟಿಗೆ ಮಾತ್ರ ಇರುವ ಕಷ್ಟ ಬೇರೆ. ಪ್ರಿಂಟರು ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಸಾಮಾನ್ಯವಾಗಿ 0.4 ಮಿ.ಮೀ. ಬಾಯಿಯ ನಾಜಲ್ಲಿನಿಂದ ಎಳೆಯೆಳೆಯಾಗಿ ಹರಡುತ್ತದೆ. 0.2 ಮಿ.ಮೀ. ದಪ್ಪದ ಒಂದು ಪದರ ಮುಗಿದ ಮೇಲೆ ಅದರ ಮೇಲೆ ಇನ್ನೊಂದು. ಕೆಳಗಿನ ಪದರ ಆಗಲೇ ತಣ್ಣಗಾಗಿರುತ್ತದೆ, ಮೇಲೆ ಬೀಳುವ ಬಿಸಿ ಎಳೆ ಅದಕ್ಕೆ ಅರೆಬರೆ ಬೆಸೆಯುತ್ತದೆ. ಹೀಗಾಗಿ ಎಳೆಯ ಉದ್ದಕ್ಕೆ 50 ನ್ಯೂಟನ್ ತಡೆಯುವ ಪ್ಲಾಸ್ಟಿಕ್, ಪದರದಿಂದ ಪದರವನ್ನು ಕೀಳುವ ದಿಕ್ಕಿನಲ್ಲಿ ಅರ್ಧದಿಂದ ಮುಕ್ಕಾಲು ಪಾಲು ತಡೆದರೆ ಹೆಚ್ಚು. ಮುದ್ರಣ ಕೆಟ್ಟರೆ ಇನ್ನೂ ಕಡಿಮೆ. ಮೂಲೆಯಲ್ಲಿ 48 ನ್ಯೂಟನ್ ಬೀಳುವ ನಮ್ಮ ಚೂಪು ಬ್ರಾಕೆಟ್ ಎಳೆಗಳ ದಿಕ್ಕಿನಲ್ಲಿ ಕೂದಲೆಳೆಯಲ್ಲಿ ಬಚಾವಾದೀತು. ಪದರಗಳ ದಿಕ್ಕಿನಲ್ಲಿ ಖಂಡಿತ ಇಲ್ಲ.

ಆದ್ದರಿಂದ ಪ್ರಿಂಟರಿನ ತಟ್ಟೆಯ ಮೇಲೆ ಬ್ರಾಕೆಟ್ಟನ್ನು ಹೇಗೆ ಮಲಗಿಸುತ್ತೀರಿ ಎಂಬುದು ಫಿಲೆಟ್ಟಿನಷ್ಟೇ ಮುಖ್ಯ. ಗೋಡೆಯ ಪಟ್ಟಿಯನ್ನು ತಟ್ಟೆಗೆ ಅಂಟಿಸಿ ತೋಳನ್ನು ಮೇಲಕ್ಕೆ ಬೆಳೆಸಿದರೆ ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ತೋಳು ಬಾಗುವಾಗ ಅದರ ಮೇಲ್ಮೈಯ ಸೆಳೆತ ಪದರಗಳನ್ನು ಒಂದರಿಂದೊಂದು ಬಿಡಿಸಲು ನೋಡುತ್ತದೆ, ಅದೂ ಮೂಲೆ ಇರುವ ಪದರದಲ್ಲೇ. ಗರಗಸದಲ್ಲಿ ಕೊಯ್ದಂಥ ನೇರ ಮುರಿತ ಬರುವುದು ಹೀಗೆ. ತೋಳನ್ನು ತಟ್ಟೆಗೆ ಮಲಗಿಸಿ ಪಟ್ಟಿಯನ್ನು ಮೇಲಕ್ಕೆ ಬೆಳೆಸಿದರೆ ತೋಳು ಗಟ್ಟಿಯಾಗುತ್ತದೆ, ಆದರೆ ಕಷ್ಟ ಪಟ್ಟಿಗೆ ದಾಟುತ್ತದೆ. ತೋಳಿನ ತುಸು ಮೇಲೆ ಪಟ್ಟಿ ಸೀಳುತ್ತದೆ. ಎಲ್ ಅಕ್ಷರವನ್ನೇ ಪಕ್ಕಕ್ಕೆ ಮಲಗಿಸಿದರೆ ಪ್ರತಿ ಪದರವೂ ಒಂದೊಂದು ಪೂರ್ತಿ ಎಲ್. ಹೊರಗೋಡೆಯ ಎಳೆಗಳು ತೋಳಿನಿಂದ ಹೊರಟು ಮೂಲೆ ಸುತ್ತಿ ಪಟ್ಟಿಗೆ ಹತ್ತುತ್ತವೆ, ಎಲ್ಲಿಯೂ ಕಡಿಯುವುದಿಲ್ಲ. ಫಿಲೆಟ್ಟೂ ಇಲ್ಲಿ ನುಣ್ಣಗೆ ಬರುತ್ತದೆ, ಏಕೆಂದರೆ ನಾಜಲ್ಲು ಆ ದುಂಡನ್ನು ತಾನೇ ಬಿಡಿಸುತ್ತಾ ಹೋಗುತ್ತದೆ. ಆಧಾರಕ್ಕೆ ಬೇರೆ ಪ್ಲಾಸ್ಟಿಕ್ ಕಟ್ಟಬೇಕಾಗಿಯೂ ಇಲ್ಲ.

ತೋಳನ್ನು ಮಲಗಿಸಿ ಮುದ್ರಿಸಲೇಬೇಕಾದಾಗ ಫಿಲೆಟ್ಟಿನ ಬುಡದಲ್ಲಿ ಒಂದು ದೋಷ ಕಾಣುತ್ತದೆ. ತೋಳಿನ ಮಟ್ಟದಿಂದ ದುಂಡು ಏಳಲು ಶುರುವಾಗುವ ಕಡೆ ಇಳಿಜಾರು ತೀರಾ ಕಡಿಮೆ, 0.2 ಮಿ.ಮೀ. ಪದರಗಳು ಅಲ್ಲಿ ಅಗಲವಾದ ಮೆಟ್ಟಿಲುಗಳಾಗಿ ಕೂರುತ್ತವೆ. ಒಂದೊಂದು ಮೆಟ್ಟಿಲಿನ ಮೂಲೆಯೂ ಒಂದೊಂದು ಪುಟ್ಟ ಕಚ್ಚು. ಆ ಭಾಗಕ್ಕೆ ಪದರದ ದಪ್ಪವನ್ನು 0.1 ಮಿ.ಮೀ.ಗೆ ಇಳಿಸಿದರೆ ಮೆಟ್ಟಿಲು ಸಣ್ಣದಾಗುತ್ತದೆ. ಫಿಲೆಟ್ ತೋಳಿನ ಅಡಿಭಾಗದಲ್ಲಿ, ಗಾಳಿಯಲ್ಲಿ ಚಾಚುವಂತೆ ಬರುವುದಾದರೆ ದುಂಡನ್ನು ಬಿಟ್ಟು 45 ಡಿಗ್ರಿಯ ಓರೆಯನ್ನೇ ಕೊಡಬೇಕು. ದುಂಡಿನ ಕೊನೆಯ ಭಾಗ ಬಹುತೇಕ ಅಡ್ಡವಾಗಿರುವುದರಿಂದ ಆಧಾರವಿಲ್ಲದೆ ಎಳೆಗಳು ಜೋತುಬೀಳುತ್ತವೆ.

ಓರೆಯ ಮಾತು ಬಂದಾಗ ಜರ್ಮನಿಯ ಕಾರ್ಲ್ಸ್‌ರೂಹೆಯ ಭೌತವಿಜ್ಞಾನಿ ಕ್ಲಾಸ್ ಮಾಟೆಕ್ ಅವರನ್ನು ಬಿಡುವಂತಿಲ್ಲ. ಗಾಳಿಗೆ ಮರಗಳು ಹೇಗೆ ನಿಲ್ಲುತ್ತವೆ, ಹೇಗೆ ಮುರಿಯುತ್ತವೆ ಎಂಬುದನ್ನೇ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಬುಡ ನೆಲಕ್ಕೆ ಸೇರುವ ಕಡೆ, ಕೊಂಬೆ ಕಾಂಡಕ್ಕೆ ಸೇರುವ ಕಡೆ ಮರ ಎಂದೂ ಚೂಪು ಮೂಲೆ ಬಿಡುವುದಿಲ್ಲ. ಸೆಳೆತ ಹೆಚ್ಚಿದ ಕಡೆ ಹೆಚ್ಚು ಬೆಳೆದು ಮೂಲೆಯನ್ನು ತುಂಬಿಕೊಳ್ಳುತ್ತದೆ. ಆ ದುಂಡು ವೃತ್ತದ ತುಂಡಲ್ಲ. ಬುಡದಲ್ಲಿ ಬಿಗಿಯಾಗಿ ತಿರುಗಿ, ಮೇಲೆ ಹೋದಂತೆ ನಿಧಾನವಾಗಿ ನೇರವಾಗುತ್ತದೆ. ಇದನ್ನು ಸ್ಕೇಲು ಹಿಡಿದು ಬರೆಯುವ ಸುಲಭ ವಿಧಾನವನ್ನು ಮಾಟೆಕ್ ಹೇಳಿಕೊಟ್ಟರು. ಮೂಲೆಗೆ ಅಡ್ಡಲಾಗಿ 45 ಡಿಗ್ರಿಯ ಓರೆಗೆರೆ ಎಳೆಯಿರಿ. ಆ ಗೆರೆಯ ನಡುವಿನಿಂದ, ತೋಳಿನ ಕಡೆಗೆ, ಅದರರ್ಧ ವಾಲಿದ ಎರಡನೆಯ ಗೆರೆ. ಅಂದರೆ ತೋಳಿನ ಜೊತೆ 22.5 ಡಿಗ್ರಿ. ಅದರ ನಡುವಿನಿಂದ 11.25 ಡಿಗ್ರಿಯ ಮೂರನೆಯ ಗೆರೆ. ಗೆರೆಗಳು ಕೂಡುವ ಕಡೆ ಉಳಿಯುವ ಸಣ್ಣ ಮುರಿಗಳನ್ನು ದುಂಡಾಗಿಸಿ. ಅದೇ ಪ್ರಮಾಣದ ವೃತ್ತಾಕಾರದ ಫಿಲೆಟ್ಟಿಗಿಂತ ಇದರಲ್ಲಿ ಸೆಳೆತ ಹೆಚ್ಚು ಸಮನಾಗಿ ಹರಡುತ್ತದೆ. ಫಿಲೆಟ್ ಆಜ್ಞೆಯೇ ಇಲ್ಲದ ತಂತ್ರಾಂಶದಲ್ಲೂ ನಾಲ್ಕಾರು ಬಿಂದು ಕೊಟ್ಟು ಬರೆದುಬಿಡಬಹುದು.

ಇನ್ನು ರಿಬ್. ಫಿಲೆಟ್ ಮೂಲೆಯಲ್ಲಿ ಕೂಡಿಬೀಳುವ ಸೆಳೆತವನ್ನು ಹರಡುತ್ತದೆ. ಮೂಲ 19 ನ್ಯೂಟನ್ ಹಾಗೇ ಉಳಿಯುತ್ತದೆ, ತೋಳು ಬಾಗುವುದೂ ಬಹುಪಾಲು ಹಾಗೇ. ಭಾರ ಹೆಚ್ಚಿಸಬೇಕು, ತೋಳು ಜೋಲಬಾರದು ಎಂದರೆ ಮೂಲೆಯಲ್ಲಿ ತ್ರಿಕೋನದ ತೆಳ್ಳನೆ ಗೋಡೆ ನಿಲ್ಲಿಸಬೇಕು. ನಮ್ಮ ಬ್ರಾಕೆಟ್ಟಿನ ಎರಡು ಅಂಚುಗಳಿಗೂ 3 ಮಿ.ಮೀ. ದಪ್ಪದ ಒಂದೊಂದು ತ್ರಿಕೋನ ರಿಬ್ ಕೊಡೋಣ. ತೋಳಿನ ಮೇಲೆ 40 ಮಿ.ಮೀ., ಪಟ್ಟಿಯ ಮೇಲೆ 40 ಮಿ.ಮೀ. ರಿಬ್ಬಿನ ಎತ್ತರ 20 ಮಿ.ಮೀ. ಇರುವ ಜಾಗದಲ್ಲಿ ತೋಳಿನ ಬಿಗಿತ ಮೊದಲಿನ 45 ಪಟ್ಟನ್ನೂ ಮೀರುತ್ತದೆ. ಬಾಗುವಿಕೆಗೆ ದಪ್ಪಕ್ಕಿಂತ ಎತ್ತರವೇ ಲೆಕ್ಕಕ್ಕೆ ಬರುವುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಸೆಳೆತ ಅಲ್ಲಿ ಎರಡು ನ್ಯೂಟನ್ನಿಗೆ ಇಳಿಯುತ್ತದೆ.

ಹಾಗಾದರೆ ಈಗ ಬ್ರಾಕೆಟ್ ಎಲ್ಲಿ ಮುರಿಯುತ್ತದೆ? ರಿಬ್ ಮುಗಿಯುವ ಕಡೆ. ಅಲ್ಲಿ ಭಾರ ಹೊರಲು ಮತ್ತೆ ಬರಿಯ 5 ಮಿ.ಮೀ. ಪಟ್ಟಿ ಮಾತ್ರ ಉಳಿದಿರುತ್ತದೆ. ನಮ್ಮ 40 ಮಿ.ಮೀ. ರಿಬ್ಬಿನ ತುದಿಯಿಂದ ಭಾರಕ್ಕೆ 20 ಮಿ.ಮೀ. ದೂರವಷ್ಟೇ, ಸೆಳೆತ ಆರೂವರೆ ನ್ಯೂಟನ್ನಿಗಿಂತ ಕಡಿಮೆ. ಪಿಎಲ್‌ಎಗೆ ಇದು ಲೆಕ್ಕವೇ ಅಲ್ಲ. ಪ್ಲಾಸ್ಟಿಕ್ ಉಳಿಸಲು ರಿಬ್ಬನ್ನು 20 ಮಿ.ಮೀ.ಗೆ ಮೊಟಕು ಮಾಡಿದ್ದರೆ ಅದರ ತುದಿಯಲ್ಲಿ ಸುಮಾರು 13 ನ್ಯೂಟನ್ ಬೀಳುತ್ತಿತ್ತು. ತುದಿಯನ್ನು ಚೌಕವಾಗಿ ಕಡಿದು ನಿಲ್ಲಿಸಿದ್ದರೆ ಅಲ್ಲೊಂದು ಹೊಸ ಚೂಪು ಒಳಮೂಲೆ ಹುಟ್ಟಿ, ಆ 13 ಮತ್ತೆ ಎರಡು ಪಟ್ಟಾಗುತ್ತಿತ್ತು. ರಿಬ್ ಹಾಕಿಯೂ ಬ್ರಾಕೆಟ್ ಮುರಿಯಿತು ಎಂದು ದೂರುವವರ ತುಂಡುಗಳನ್ನು ನೋಡಿದರೆ ಹೆಚ್ಚಾಗಿ ಕಾಣುವುದು ಇದೇ: ಮೂಲೆ ಗಟ್ಟಿಯಾಗಿದೆ, ಬಿರುಕು ರಿಬ್ಬಿನ ಮೂಗಿನ ಎದುರಿಗೆ ಸರಿದಿದೆ. ಹೀಗಾಗಿ ರಿಬ್ ಉದ್ದವಾಗಿರಲಿ, ತುದಿ ಸೊನ್ನೆಗೆ ಇಳಿಯಲಿ, ಅದು ಪಟ್ಟಿಗೆ ಸೇರುವ ಬುಡದುದ್ದಕ್ಕೂ ಒಂದು ಮಿ.ಮೀ. ಫಿಲೆಟ್ ಇರಲಿ.

ಎರಡು ರಿಬ್ಬುಗಳನ್ನು ಅಂಚುಗಳಿಗೆ ತಳ್ಳಿದ್ದಕ್ಕೂ ಕಾರಣವಿದೆ. ನಡುವೆ ಒಂದೇ ರಿಬ್ ನಿಲ್ಲಿಸಿದರೆ ಸ್ಕ್ರೂ ಹಾಕುವ ಜಾಗಕ್ಕೇ ಅದು ಅಡ್ಡ ಬರುತ್ತದೆ, ಸ್ಕ್ರೂಡ್ರೈವರ್ ಹಿಡಿ ತಿರುಗುವುದಿಲ್ಲ. ಪರದೆಯ ಮೇಲೆ ಚಂದ ಕಂಡ ವಿನ್ಯಾಸ ಗೋಡೆಯ ಹತ್ತಿರ ಹೋದಾಗ ಎಡವುವುದು ಇಂಥಲ್ಲೇ. ಗೋಡೆಯ ಕಡೆ ರಿಬ್ ಮೇಲಿನ ಸ್ಕ್ರೂವಿನ ಹತ್ತಿರಕ್ಕೆ ಏರಬೇಕು, ಏಕೆಂದರೆ ಆ ಸ್ಕ್ರೂ ಹಿಡಿದ ಜಾಗದವರೆಗೂ ಪಟ್ಟಿ ಗೋಡೆಯಿಂದ ಏಳಲು ಎಳೆಯುತ್ತಿರುತ್ತದೆ.

ಇಲ್ಲಿ ಒಂದು ಸಂಕಟವಿದೆ, ಅದನ್ನು ಮುಚ್ಚಿಡಬಾರದು. ಫಿಲೆಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಎಂದ ಪಕ್ಕಕ್ಕೆ ಮಲಗಿಸುವ ಮುದ್ರಣ ರಿಬ್ಬುಗಳಿಗೆ ಒಗ್ಗುವುದಿಲ್ಲ. ಒಂದು ರಿಬ್ ತಟ್ಟೆಯ ಮೇಲೆ ಸರಿಯಾಗಿ ಕೂತರೂ ಇನ್ನೊಂದು 27 ಮಿ.ಮೀ. ಮೇಲೆ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೆ ಆಧಾರ ಕಟ್ಟಬೇಕು, ಆಮೇಲೆ ಕಿತ್ತು ತೆಗೆಯಬೇಕು. ಒಂದೇ ಬದಿಗೆ ರಿಬ್ ಕೊಟ್ಟು ಸುಮ್ಮನಾದರೆ ಭಾರ ಬಿದ್ದಾಗ ಬ್ರಾಕೆಟ್ ತಿರುಚಿಕೊಳ್ಳುತ್ತದೆ. ನನ್ನ ಆಯ್ಕೆ ಇದು: ಹಗುರ ಭಾರಕ್ಕೆ ಪಕ್ಕಕ್ಕೆ ಮಲಗಿಸಿ, ದೊಡ್ಡ ಫಿಲೆಟ್ ಕೊಟ್ಟು ಮುಗಿಸುವುದು. ಭಾರ ಹೆಚ್ಚಾದರೆ ಪಕ್ಕಕ್ಕೇ ಮಲಗಿಸಿ, 30 ಮಿ.ಮೀ. ಪೂರ್ತಿ ಅಗಲದ ಓರೆಕಾಲು ಕೊಡುವುದು. ಬ್ರಾಕೆಟ್ ಆಗ ನಡುವೆ ಕಿಟಕಿ ಇರುವ ತ್ರಿಕೋನ ಚೌಕಟ್ಟಾಗುತ್ತದೆ. ಆ ಕಿಟಕಿಯ ಮೂರು ಮೂಲೆಗಳಿಗೂ ಫಿಲೆಟ್ ಬೇಕು ಎಂಬುದನ್ನು ಮರೆಯಬಾರದು. ತೆಳ್ಳನೆ ಜೋಡಿ ರಿಬ್ಬೇ ಬೇಕೆಂದರೆ ತೋಳನ್ನು ತಟ್ಟೆಗೆ ಮಲಗಿಸಿ ಮುದ್ರಿಸಬಹುದು. ರಿಬ್ಬುಗಳು ನೆಟ್ಟಗೆ ಮೇಲಕ್ಕೆ ಬೆಳೆಯುತ್ತವೆ, ಸೆಳೆತ ಪದರಗಳನ್ನು ದಾಟಿದರೂ ಅದು ಆರೇಳು ನ್ಯೂಟನ್ನಿನ ಒಳಗೇ ಇರುವುದರಿಂದ ಅಡ್ಡಿಯಿಲ್ಲ.

ರಿಬ್ಬಿನ ದಪ್ಪದ ಬಗ್ಗೆ ಕೈಪಿಡಿಗಳಲ್ಲಿ ಒಂದು ನಿಯಮ ಸಿಗುತ್ತದೆ: ಪಟ್ಟಿಯ ದಪ್ಪದ ಶೇ. 50ರಿಂದ 60. ಇದು ಅಚ್ಚಿನಲ್ಲಿ ಪ್ಲಾಸ್ಟಿಕ್ ಎರಕ ಹೊಯ್ಯುವವರ ನಿಯಮ. ರಿಬ್ ದಪ್ಪವಾದರೆ ಅದರ ಬುಡ ನಿಧಾನವಾಗಿ ತಣಿದು ಎದುರು ಮೈಯಲ್ಲಿ ಕುಳಿ ಬೀಳುತ್ತದೆ ಎಂಬ ಭಯದಿಂದ ಹುಟ್ಟಿದ್ದು. ಮುದ್ರಣಕ್ಕೆ ಆ ಭಯವಿಲ್ಲ. ಇಲ್ಲಿ ನೋಡಬೇಕಾದದ್ದು ಎಳೆಯ ಅಗಲ. 0.45 ಮಿ.ಮೀ. ಎಳೆಯಲ್ಲಿ 1.8 ಅಥವಾ 2.7 ಮಿ.ಮೀ. ದಪ್ಪದ ರಿಬ್ ಪೂರ್ತಿ ಎಳೆಗಳಿಂದ ಗಟ್ಟಿಯಾಗಿ ತುಂಬುತ್ತದೆ. ನಡುವಿನ ಅಳತೆ ಕೊಟ್ಟರೆ ಹಳೆಯ ಸ್ಲೈಸರ್ ತಂತ್ರಾಂಶಗಳು ಒಳಗೆ ಕೂದಲೆಳೆಯಷ್ಟು ಸಂದು ಬಿಡುತ್ತಿದ್ದವು. ಕ್ಯುರಾದ 2022ರ ಐದನೇ ಆವೃತ್ತಿಯಿಂದೀಚೆಗೆ ಎಳೆಯ ಅಗಲವನ್ನೇ ಹಿಗ್ಗಿಸಿ ಕುಗ್ಗಿಸಿ ಈ ಸಂದನ್ನು ತುಂಬುವ ವ್ಯವಸ್ಥೆ ಬಂದಿದೆ. ಇನ್‌ಫಿಲ್ ಏರಿಸುವ ಬದಲು ಹೊರಗೋಡೆಯ ಎಳೆಗಳನ್ನು ಎರಡರಿಂದ ನಾಲ್ಕೈದಕ್ಕೆ ಏರಿಸಿ. ಬಾಗುವ ಸೆಳೆತ ಇರುವುದು ಹೊರಮೈಯಲ್ಲಿ, ಹೊಟ್ಟೆಯಲ್ಲಲ್ಲ.

ಬ್ರಾಕೆಟ್ ಮುರಿದೇ ಹೋದರೆ ಎಸೆಯುವ ಮುನ್ನ ಮುರಿದ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಮೈ ಸಪಾಟಾಗಿ, ಎಳೆಗಳ ಸಾಲು ಹಾಗೇ ಕಾಣುತ್ತಿದ್ದರೆ ಪದರಗಳು ಬಿಟ್ಟುಕೊಂಡಿವೆ. ಅಂಥದಕ್ಕೆ ಫಿಲೆಟ್ಟಿಗಿಂತ ಮೊದಲು ಮುದ್ರಣದ ದಿಕ್ಕು ಬದಲಿಸಬೇಕು. ಆಗದಿದ್ದರೆ ನಾಜಲ್ಲಿನ ಬಿಸಿಯನ್ನು ಐದು ಹತ್ತು ಡಿಗ್ರಿ ಏರಿಸಿ, ಫ್ಯಾನಿನ ಗಾಳಿ ತಗ್ಗಿಸಿ ಬೆಸುಗೆ ಗಟ್ಟಿ ಮಾಡಬೇಕು. ಮೈ ಒರಟಾಗಿ, ಎಳೆಗಳು ಕಿತ್ತುಬಂದಂತೆ ಇದ್ದರೆ ಪ್ಲಾಸ್ಟಿಕ್ ತನ್ನ ಶಕ್ತಿಯನ್ನೆಲ್ಲ ಕೊಟ್ಟೇ ಮುರಿದಿದೆ. ಅಲ್ಲಿ ಫಿಲೆಟ್ಟೋ ರಿಬ್ಬೋ ಸಾಲದಾಗಿದೆ. ಬಿರುಕು ಸ್ಕ್ರೂ ತೂತಿನಿಂದ ಹೊರಟಿದ್ದರೆ ಮೂಲೆಯದ್ದು ತಪ್ಪಲ್ಲ. ಇಳಿಜಾರು ತಲೆಯ ಸ್ಕ್ರೂ ಬಿಗಿಯುತ್ತಾ ಹೋದಂತೆ ಬೆಣೆಯಾಗಿ ತೂತನ್ನು ಸೀಳುತ್ತದೆ. ಸಪಾಟು ತಳದ ತಲೆಯ ಸ್ಕ್ರೂ, ಅದರಡಿಗೆ ವಾಷರ್ ಹಾಕಿದರೆ ಸರಿಹೋಗುತ್ತದೆ. ಮುರಿಯುವ ಮೊದಲೇ ಸೂಚನೆ ಕೊಡುವ ಬ್ರಾಕೆಟ್ಟುಗಳೂ ಇವೆ. ಕಡು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಒಳಮೂಲೆಯುದ್ದಕ್ಕೂ ಬೆಳ್ಳನೆ ಗೆರೆ ಮೂಡಿದರೆ ಅಲ್ಲಿ ಬಿರುಕು ಶುರುವಾಗಿದೆ ಎಂದೇ ತಿಳಿದು ಇಳಿಸಿಬಿಡಿ.

ಫಿಲೆಟ್ಟು ರಿಬ್ಬುಗಳಿಂದ ಆಗದ ಕೆಲಸವೂ ಇದೆ. ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಸೂರಿನಡಿಗೆ, ಬಿಸಿಲಿಗೆ ನಿಂತ ಕಾರಿನೊಳಗೆ ಆ ಬಿಸಿ ದೂರವೇನಲ್ಲ. ಅಷ್ಟು ಬಿಸಿ ಇಲ್ಲದಿದ್ದರೂ ಸದಾ ಭಾರ ಹೊತ್ತ ಪಿಎಲ್‌ಎ ತಿಂಗಳುಗಳಲ್ಲಿ ನಿಧಾನವಾಗಿ ಜೋಲುತ್ತದೆ. ಬಿಸಿಯ ಜಾಗಕ್ಕೆ 80 ಡಿಗ್ರಿಯ ಆಸುಪಾಸು ತಡೆಯುವ ಪಿಇಟಿಜಿ, ಹೊರಗಿನ ಬಿಸಿಲಿಗೆ ಎಎಸ್‌ಎ ಬಳಸಬೇಕು. ಹೊಸ ಬ್ರಾಕೆಟ್ಟಿಗೆ ಬೇಕಾದ ಭಾರದ ಎರಡರಷ್ಟನ್ನು, ನೆಲದಿಂದ ಗೇಣೆತ್ತರದಲ್ಲಿ, ಒಂದು ದಿನ ತೂಗುಹಾಕಿ ನೋಡಿ. ಆಮೇಲೆ ಗೋಡೆಗೆ ಹೊಡೆಯಿರಿ.

ಚೀಲ, ಹೆಡ್‌ಫೋನು, ಪೊರಕೆ, ವೈರಿನ ಸುರುಳಿ, ಗಿಡದ ಸಣ್ಣ ಕುಂಡ: ಇವಕ್ಕೆ ಮುದ್ರಿಸಿದ ಬ್ರಾಕೆಟ್ ಧಾರಾಳ ಸಾಕು. ಮಗುವಿನ ತೊಟ್ಟಿಲು, ಹಾಸಿಗೆಯ ಮೇಲಿನ ಪುಸ್ತಕದ ಹಲಗೆ, ಯಾರ ತಲೆಯ ಮೇಲಾದರೂ ಬೀಳಬಹುದಾದ ಯಾವ ಭಾರಕ್ಕೂ ಫಿಲೆಟ್ ಎಷ್ಟೇ ದೊಡ್ಡದಿದ್ದರೂ ಪ್ಲಾಸ್ಟಿಕ್ ಬೇಡ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಬ್ರಾಕೆಟ್ಟನ್ನೇ ತಂದು ಹೊಡೆಯಿರಿ.